ಹತ್ತನೇ ತರಗತಿ ಇಂಗ್ಲಿಷ್: ಇನ್ನೊಂದು ಟ್ಯೂಷನ್‌ಗೆ ಮುನ್ನ ಪ್ರಿಲಿಮ್ ಉತ್ತರ ಪತ್ರಿಕೆ ನೋಡಿ

ಪುಣೆಯ ಶಾಲೆಗಳಲ್ಲಿ ಜನವರಿ ಎಂದರೆ ಪ್ರಿಲಿಮ್ ಪರೀಕ್ಷೆಯ ಕಾಲ. ಇಂಗ್ಲಿಷ್‌ನಲ್ಲಿ ಅಂಕ ಕಡಿಮೆ ಬಂದರೆ ಮನೆಯಲ್ಲಿ ಕನ್ನಡ ಮಾತನಾಡುವ ಪೋಷಕರಿಗೆ ಮೊದಲು ಹೊಳೆಯುವುದು ಇನ್ನೊಂದು ಟ್ಯೂಷನ್. ಅದಕ್ಕೂ ಮುನ್ನ ಅಂಕ ಹೋಗಿದ್ದು ಎಲ್ಲಿ ಎಂದು ನೋಡಬೇಕು.

ಮಹಾರಾಷ್ಟ್ರ ಬೋರ್ಡ್‌ನ ಇಂಗ್ಲಿಷ್ ಲಿಖಿತ ಪತ್ರಿಕೆ 80 ಅಂಕಗಳದ್ದು. ಉಳಿದ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಪಠ್ಯದ ಗದ್ಯ, ಪದ್ಯಕ್ಕೆ 30, ವ್ಯಾಕರಣದಂಥ ಭಾಷಾ ಅಭ್ಯಾಸಕ್ಕೆ 10. ಉಳಿದ 40 ಅಂಕ ಮಗು ಹಿಂದೆಂದೂ ನೋಡದ ಗದ್ಯಭಾಗ, ಅದರ ಸಾರಾಂಶ, ಪತ್ರ ಮುಂತಾದ ಬರವಣಿಗೆಗೆ. ಗೈಡ್ ಉರು ಹೊಡೆದರೆ ಈ ಅರ್ಧ ಕೈಗೆ ಸಿಗುವುದಿಲ್ಲ.

ಮಗುವಿಗೆ 80ಕ್ಕೆ 48 ಬಂದಿದೆ ಎಂದುಕೊಳ್ಳಿ. ಪಠ್ಯದಲ್ಲಿ 24, ವ್ಯಾಕರಣದಲ್ಲಿ 8 ಸಿಕ್ಕಿದೆ. ಉಳಿದ 40ರಲ್ಲಿ ಸಿಕ್ಕಿದ್ದು 16 ಮಾತ್ರ. ಈ ಮಗುವಿಗೆ ಅದೇ ಪಾಠಗಳ ನೋಟ್ಸ್ ಮತ್ತೊಮ್ಮೆ ಬರೆಸುವ ಟ್ಯೂಷನ್ ಹಾಕಿದರೆ, ಪಠ್ಯದ 24 ಹೆಚ್ಚೆಂದರೆ 27 ಆದೀತು. ಸ್ವತಃ ಬರೆದು ನೋಡಬೇಕಾದ ಸಂಜೆಯ ಹೊತ್ತು ಮಾತ್ರ ಪೂರ್ತಿ ಕಳೆದುಹೋಗುತ್ತದೆ.

ಬದಲಿಗೆ ದಿನಕ್ಕೆ ಅರ್ಧ ಗಂಟೆ ಮನೆಯಲ್ಲೇ ಸಾಕು. ಇಂಗ್ಲಿಷ್ ಪತ್ರಿಕೆಯಿಂದ 150 ಪದಗಳಷ್ಟು ಸುದ್ದಿಯೊಂದನ್ನು ಮಗು ಓದಲಿ. ಪತ್ರಿಕೆ ಮಡಚಿಟ್ಟು, ಓದಿದ್ದನ್ನು ನಿಮಗೆ ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿ ಹೇಳಲಿ. ಯಾರು, ಏನು, ಏಕೆ ಎಂಬುದು ಅದರಲ್ಲಿ ಬಾರದಿದ್ದರೆ ಓದಿದ್ದು ಅರ್ಥವಾಗಿಲ್ಲ ಎಂದೇ ಲೆಕ್ಕ, ಮತ್ತೆ ಓದಲಿ. ಸರಿಯಾಗಿ ಹೇಳಿದರೆ ಅದನ್ನೇ ಇಂಗ್ಲಿಷ್‌ನಲ್ಲಿ ಬರೆದು, ಮೇಲೊಂದು ಶೀರ್ಷಿಕೆ ಕೊಡಲಿ. ಸಾರಾಂಶ ಬರೆಯುವ ಅಭ್ಯಾಸ ಇದೇ. ಇದಕ್ಕೆ ಅಮ್ಮನಿಗೋ ಅಪ್ಪನಿಗೋ ಇಂಗ್ಲಿಷ್ ಬರಲೇಬೇಕೆಂದಿಲ್ಲ.

ವಾರಕ್ಕೆ ಎರಡು ದಿನ ಪತ್ರ ಬರೆಸಿ. ವಿಷಯ ಮನೆಯ ಸುತ್ತಲಿನದೇ ಇರಲಿ: ಸೊಸೈಟಿಗೆ ನೀರು ಬಾರದ ಬಗ್ಗೆ ಪಾಲಿಕೆಗೆ ದೂರು, ಊರಲ್ಲಿರುವ ಅಜ್ಜಿಗೆ ಕಾಗದ. ವಿಳಾಸ, ದಿನಾಂಕ, ಒಕ್ಕಣೆ ಇವೆಯೇ, ಪ್ರಶ್ನೆಯಲ್ಲಿ ಕೊಟ್ಟ ಅಂಶಗಳೆಲ್ಲ ಬಂದಿವೆಯೇ ಎಂದು ನೀವೇ ನೋಡಬಹುದು. ವ್ಯಾಕರಣದ ತಪ್ಪಿಗೆ ಹಾಳೆ ತುಂಬ ಕೆಂಪು ಗೆರೆ ಎಳೆಯಬೇಡಿ. ಮಗುವೇ ಗಟ್ಟಿಯಾಗಿ ಓದಲಿ. ಎಡವುವ ಜಾಗದಲ್ಲಿ ವಾಕ್ಯ ಉದ್ದವಾಗಿರುತ್ತದೆ, ಇಲ್ಲವೇ ಕ್ರಿಯಾಪದ ತಪ್ಪಿರುತ್ತದೆ. ಉಳಿದ ಸಂದೇಹಗಳನ್ನು ಗುರುತು ಹಾಕಿಕೊಂಡು ಶಾಲೆಯ ಶಿಕ್ಷಕರನ್ನೇ ಕೇಳಲಿ.

ಈಗಾಗಲೇ ಟ್ಯೂಷನ್ ಇದ್ದು, ಅದು ಅತಿಯಾಗಿದೆಯೇ ಎಂದು ತಿಳಿಯಲು ಎರಡು ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ವಿಷಯ ಬೇರೆಯಾದರೂ ಮೊದಲ ಮತ್ತು ಕೊನೆಯ ಸಾಲು ಅಕ್ಷರಶಃ ಒಂದೇ ಇದ್ದರೆ ಮಗು ಉರು ಹೊಡೆದಿದ್ದನ್ನು ಬರೆಯುತ್ತಿದೆ. ಆಗ ಒಂದು ಕ್ಲಾಸ್ ಬಿಡಿಸಿದರೂ ನಷ್ಟವಿಲ್ಲ.

ಹಾಗೆಂದು ಎಲ್ಲರಿಗೂ ಇದೇ ಮದ್ದಲ್ಲ. ಪ್ರಿಲಿಮ್‌ನಲ್ಲಿ ಪಠ್ಯದ ಭಾಗದಲ್ಲೇ 30ಕ್ಕೆ 10 ದಾಟದ, ಸರಳ ವಾಕ್ಯ ಓದಲೂ ತಡವರಿಸುವ ಮಗುವಿಗೆ ಜೊತೆಗೆ ಕೂತು ಕಲಿಸುವವರು ಬೇಕೇ ಬೇಕು.