‘ಪ್ರೂಫ್ ನೋಡಿಕೊಡಿ’ ಎಂದಷ್ಟೇ ಹೇಳಿದರೆ

ದಾವಣಗೆರೆಯ ಪಿಯು ವಿದ್ಯಾರ್ಥಿಯೊಬ್ಬ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾನೆ ಎಂದುಕೊಳ್ಳಿ. ತಾನು ಬರೆದ ಇಂಗ್ಲಿಷ್ ಪ್ರಬಂಧವನ್ನು ಪರಿಚಯದ ಮೇಷ್ಟ್ರಿಗೆ ಕಳಿಸಿ, ‘ಸರ್, ಸ್ವಲ್ಪ ಪ್ರೂಫ್ ನೋಡಿಕೊಡಿ’ ಎನ್ನುತ್ತಾನೆ. ಯಾವುದಕ್ಕೆ, ಎಷ್ಟು ಪದ, ಯಾವ ಶೈಲಿ ಎಂಬುದನ್ನು ಹೇಳುವುದಿಲ್ಲ. ಮೇಷ್ಟ್ರು 870 ಪದಗಳನ್ನೂ ಕೂತು ತಿದ್ದುತ್ತಾರೆ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ‘ಕಾಮನ್ ಆ್ಯಪ್’ ಅರ್ಜಿಯಲ್ಲಿ ಮುಖ್ಯ ಪ್ರಬಂಧ 650 ಪದ ದಾಟುವಂತಿಲ್ಲ ಎಂಬುದು ಗೊತ್ತಾಗುವುದು ಆಮೇಲೆ.

ಈಗ 220 ಪದ ಹೋಗಬೇಕು. ತಿದ್ದಿದ ಸಾಲುಗಳೇ ಕಸಕ್ಕೆ ಹೋಗುತ್ತವೆ ಎಂಬುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಎರಡನೆಯ ಪ್ಯಾರಾ ಕಿತ್ತರೆ, ಮೂರನೆಯದರಲ್ಲಿರುವ ‘ಆ ದಿನ’ ಯಾವ ದಿನವೆಂದೇ ತಿಳಿಯದು. ಹೊಸದಾಗಿ ಹೊಲಿದ ಜಾಗಗಳಲ್ಲೇ ಹೊಸ ತಪ್ಪುಗಳು ಸೇರಿಕೊಳ್ಳುವುದರಿಂದ ಇಡೀ ಪ್ರಬಂಧವನ್ನು ಮತ್ತೆ ಓದಬೇಕು. ಹಾಗಾಗಿ ಮೊದಲು ಕತ್ತರಿಸಿ, ಕೊನೆಗೆ ಪ್ರೂಫ್ ನೋಡುವುದೇ ಸರಿಯಾದ ಕ್ರಮ. ಅಳತೆ ಪದಗಳಲ್ಲೋ ಅಕ್ಷರಗಳಲ್ಲೋ ಎಂಬುದನ್ನೂ ಕೇಳಿಕೊಳ್ಳಬೇಕು. ಬ್ರಿಟನ್ನಿನ ಪದವಿ ಪ್ರವೇಶದ ‘ಯೂಕಾಸ್’ ಅರ್ಜಿಯಲ್ಲಿ ಪದಗಳ ನಡುವಿನ ಜಾಗವೂ ಸೇರಿ 4,000 ಅಕ್ಷರಗಳಷ್ಟೇ.

ಯಾವ ಹಂತದ ಓದಿಗೆ ಎಂಬುದು ತಿಳಿಯದಿದ್ದರೆ ಆಗುವ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹುಡುಗ ತನ್ನ ಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕಳೆದ ಬೇಸಿಗೆಗಳ ಬಗ್ಗೆ ಬರೆದಿದ್ದಾನೆ. ಪದವಿ ಪ್ರವೇಶಕ್ಕೆ ಅದೇ ಪ್ರಬಂಧದ ಜೀವ. ಅರ್ಜಿ ಓದುವವರು ಆ ಹುಡುಗ ಎಂಥವನೆಂದು ನೋಡುತ್ತಾರೆ. ಸ್ನಾತಕೋತ್ತರ ಕೋರ್ಸಿನ ಉದ್ದೇಶ ಪತ್ರವಾಗಿದ್ದರೆ ಅಂಗಡಿಗೆ ಎರಡು ಸಾಲು ಸಾಕು, ಉಳಿದ ಜಾಗ ಮಾಡಿದ ಪ್ರಾಜೆಕ್ಟಿಗೆ, ಮುಂದೆ ಓದಬೇಕೆಂದಿರುವ ವಿಷಯಕ್ಕೆ ಸಲ್ಲಬೇಕು. ಇದು ತಿಳಿಯದ ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಅಂಗಡಿಯ ಭಾಗಕ್ಕೆ ಗೀಟು ಹಾಕಿಬಿಡಬಹುದು.

ಕಾಲೇಜು ಸೇರಿದ ಮೇಲೆ ಬರೆಯುವ ಪ್ರಬಂಧಗಳಲ್ಲಿ ಮೂರನೆಯ ಪ್ರಶ್ನೆ ಕಾಡುತ್ತದೆ. ಮನಶ್ಶಾಸ್ತ್ರದವರು ಸಾಮಾನ್ಯವಾಗಿ ಕೇಳುವ ಎಪಿಎ ಶೈಲಿಯಲ್ಲಿ, ಆಧಾರ ಕೊಡುವಾಗ ಲೇಖಕರ ಹೆಸರಿನ ಪಕ್ಕ ಪುಸ್ತಕದ ವರ್ಷ ಬರುತ್ತದೆ. ಸಾಹಿತ್ಯದ ವಿಭಾಗಗಳು ಹೆಚ್ಚಾಗಿ ಬಳಸುವ ಎಂಎಲ್‌ಎ ಶೈಲಿಯಲ್ಲಿ ಆ ಜಾಗದಲ್ಲಿ ಪುಟಸಂಖ್ಯೆ ಇರಬೇಕು. ವಿದ್ಯಾರ್ಥಿ ವರ್ಷವನ್ನಷ್ಟೇ ಬರೆದಿಟ್ಟುಕೊಂಡಿದ್ದರೆ ಪ್ರೂಫ್ ನೋಡುವವರು ಎಷ್ಟೇ ನುರಿತವರಾದರೂ ಪುಟಸಂಖ್ಯೆಯನ್ನು ಊಹಿಸಿ ಬರೆಯುವಂತಿಲ್ಲ. ಅವನೇ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆರೆಯಬೇಕು, ಸಲ್ಲಿಸಲು ಒಂದು ರಾತ್ರಿಯಷ್ಟೇ ಉಳಿದಿದ್ದರೂ.

ಕೇಳಿದರೂ ಉತ್ತರ ಬಾರದಿದ್ದಾಗ ಅನುಭವಿಗಳು ಯಾವ ಶೈಲಿಯಲ್ಲೂ ತಪ್ಪೇ ಆಗಿರುವುದನ್ನು ಮಾತ್ರ ತಿದ್ದುತ್ತಾರೆ: ಕಾಗುಣಿತ, ಕರ್ತೃ–ಕ್ರಿಯಾಪದದ ಹೊಂದಾಣಿಕೆ, ಬಿಟ್ಟುಹೋದ ಪದ. ಬ್ರಿಟಿಷ್ ಕಾಗುಣಿತವೋ ಅಮೆರಿಕನ್ನೋ, ಸಂಖ್ಯೆ ಅಂಕಿಯಲ್ಲೋ ಅಕ್ಷರದಲ್ಲೋ ಎಂಬಂಥವನ್ನು ಮುಟ್ಟದೆ, ಅಂಚಿನಲ್ಲಿ ಪ್ರಶ್ನೆ ಬರೆದು ವಿದ್ಯಾರ್ಥಿಗೇ ಹಿಂದಿರುಗಿಸುತ್ತಾರೆ.