ಆರ್ಡರ್ ಎಣಿಸಬೇಕೇ, ಹಣ ಎಣಿಸಬೇಕೇ?

ಗೂಗಲ್‌ನಲ್ಲಿ ಯಾರೋ ‘ರೇಷ್ಮೆ ಸೀರೆ’ ಎಂದು ಹುಡುಕಿದ ಕ್ಷಣದಲ್ಲೇ ಜಾಹೀರಾತಿನ ಜಾಗಕ್ಕೆ ಹರಾಜು ನಡೆದುಹೋಗಿರುತ್ತದೆ. ಅದರಲ್ಲಿ ಎಷ್ಟಕ್ಕೆ ಕೂಗಬೇಕು ಎಂಬುದನ್ನು ಆನ್‌ಲೈನ್ ವ್ಯಾಪಾರಿಗಳು ಗೂಗಲ್ ಆ್ಯಡ್ಸ್‌ಗೇ ಬಿಟ್ಟುಕೊಡಬಹುದು. ಆದರೆ ಯಾವ ಗುರಿ ಇಟ್ಟುಕೊಂಡು ಕೂಗಬೇಕೆಂದು ಹೇಳಬೇಕಾದವರು ವ್ಯಾಪಾರಿಗಳೇ.

Maximize conversions ಎಂಬ ವಿಧಾನ ಆರ್ಡರ್‌ಗಳನ್ನು ಎಣಿಸುತ್ತದೆ. ದಿನದ ಬಜೆಟ್ಟನ್ನು ಪೂರ್ತಿ ಬಳಸಿ ಆದಷ್ಟು ಹೆಚ್ಚು ಆರ್ಡರ್ ತರುವುದೇ ಅದರ ಕೆಲಸ. ₹900ರ ಹತ್ತಿ ಸೀರೆಯೂ ₹9,000ದ ರೇಷ್ಮೆ ಸೀರೆಯೂ ಅದರ ಲೆಕ್ಕದಲ್ಲಿ ಒಂದೊಂದೇ. Target ROAS ಹಣವನ್ನು ಎಣಿಸುತ್ತದೆ. ಗುರಿ 500% ಎಂದರೆ, ಜಾಹೀರಾತಿಗೆ ಹಾಕಿದ ಪ್ರತಿ ರೂಪಾಯಿಗೆ ಸರಾಸರಿ ಐದು ರೂಪಾಯಿ ಮಾರಾಟ ಬರಬೇಕು. ಅಷ್ಟು ಬರುವ ನಂಬಿಕೆ ಇಲ್ಲದ ಕಡೆ ಅದು ಕಡಿಮೆಗೆ ಕೂಗುತ್ತದೆ. ಹಾಗಾಗಿ ಬಜೆಟ್ ಉಳಿಯಲೂಬಹುದು. ಇದು ನಡೆಯಬೇಕಾದರೆ ಪ್ರತಿ ಆರ್ಡರ್‌ನ ಮೊತ್ತ ಖಾತೆಗೆ ತಪ್ಪದೆ ತಲುಪುತ್ತಿರಬೇಕು.

ಎರಡರಲ್ಲಿ ನಮಗೆ ಯಾವುದು ಲಾಭ? ಒಂದು ತಿಂಗಳು ಇದು, ಮುಂದಿನ ತಿಂಗಳು ಅದು ಎಂದು ನೋಡಿದರೆ ನಡುವೆ ದೀಪಾವಳಿಯೋ ಮದುವೆಯ ಹಂಗಾಮೋ ಬಂದು ಲೆಕ್ಕ ಕೆಡುತ್ತದೆ. ಅದಕ್ಕೇ ಗೂಗಲ್ ಆ್ಯಡ್ಸ್‌ನಲ್ಲಿ Experiments ಎಂಬ ವ್ಯವಸ್ಥೆ ಇದೆ. ನಡೆಯುತ್ತಿರುವ ಕ್ಯಾಂಪೇನ್‌ಗೆ ಒಂದು ಜೋಡಿ ಮಾಡಿ, ಬಜೆಟ್ಟನ್ನೂ ಹುಡುಕುವವರನ್ನೂ ಅರ್ಧರ್ಧ ಹಂಚಿ, ಎರಡನ್ನೂ ಒಂದೇ ಕಾಲದಲ್ಲಿ ಓಡಿಸಬಹುದು. ಹಂಚಿಕೆಯಲ್ಲಿ ಕುಕಿ ಆಧಾರಿತ ಆಯ್ಕೆ ಒಳ್ಳೆಯದು: ಒಂದೇ ಬ್ರೌಸರ್‌ನಿಂದ ಹತ್ತು ಸಲ ಹುಡುಕಿದರೂ ಗ್ರಾಹಕರು ಒಂದೇ ಬದಿಯಲ್ಲಿ ಉಳಿಯುತ್ತಾರೆ.

ನ್ಯಾಯ ತಪ್ಪುವುದು ಹೆಚ್ಚಾಗಿ ಗುರಿಯ ಅಂಕಿಯಲ್ಲಿ. ಹಿಂದಿನ ತಿಂಗಳು 450% ಬರುತ್ತಿದ್ದ ಖಾತೆಗೆ 900% ಗುರಿ ಕೊಟ್ಟರೆ ಆ ಬದಿ ಹರಾಜಿನಿಂದಲೇ ಹಿಂದೆ ಸರಿಯುತ್ತದೆ. ಆಗ ಪರೀಕ್ಷೆಯಾದದ್ದು ವಿಧಾನವಲ್ಲ, ಆ ಅಂಕಿ. ಮೊದಲ ಗುರಿ ಹಳೆಯ ಸಾಧನೆಯ ಆಸುಪಾಸಿನಲ್ಲೇ ಇರಲಿ. ಹಾಗೆಯೇ, ಹಳೆಯ ವಿಧಾನ ಆಗಲೇ ಪಳಗಿರುತ್ತದೆ, ಹೊಸದು ಇನ್ನೂ ಕಲಿಯುತ್ತಿರುತ್ತದೆ. ಆದ್ದರಿಂದ ಮೊದಲ ಒಂದೆರಡು ವಾರದ ಅಂಕಿಗಳನ್ನು ಎರಡೂ ಬದಿಯಿಂದ ಬಿಟ್ಟುಬಿಡಬೇಕು. ಕೊನೆಯಲ್ಲೂ ಅವಸರ ಸಲ್ಲದು: ಇಂದು ಕ್ಲಿಕ್ ಮಾಡಿದವರು ವಾರ ಬಿಟ್ಟು ಕೊಳ್ಳಬಹುದು, ದುಬಾರಿ ಸೀರೆಗೆ ಇನ್ನೂ ತಡ. ನಡುವೆ ಬೆಲೆ, ಜಾಹೀರಾತು, ಬಜೆಟ್ ಯಾವುದನ್ನೂ ಒಂದೇ ಬದಿಯಲ್ಲಿ ಮುಟ್ಟಬಾರದು.

ಒಂದು ಕಾಲ್ಪನಿಕ ಸೀರೆ ಅಂಗಡಿಯ ಲೆಕ್ಕ ನೋಡೋಣ. ಪ್ರತಿ ಬದಿಗೆ ದಿನಕ್ಕೆ ₹2,000. ಲೆಕ್ಕಕ್ಕೆ ಹಿಡಿದದ್ದು 28 ದಿನ. ಮೊದಲ ಬದಿ, ಅಂದರೆ ಆರ್ಡರ್ ಎಣಿಸುವ ವಿಧಾನ, ₹56,000 ಪೂರ್ತಿ ಖರ್ಚು ಮಾಡಿ 140 ಆರ್ಡರ್, ₹2,24,000 ಮಾರಾಟ ತಂದಿತು. 500% ಗುರಿಯ ಬದಿ ₹40,000 ಮಾತ್ರ ಖರ್ಚು ಮಾಡಿ 80 ಆರ್ಡರ್, ₹2,08,000 ಮಾರಾಟ ತಂದಿತು. ಆರ್ಡರ್‌ಗಳ ಸಂಖ್ಯೆ ನೋಡಿದರೆ ಮೊದಲನೆಯದೇ ಗೆದ್ದಂತೆ. ಪ್ರತಿ ಆರ್ಡರ್‌ಗೆ ತಗಲಿದ ಖರ್ಚು ಕೂಡ ಅಲ್ಲಿ ₹400, ಇಲ್ಲಿ ₹500.

ಈಗ ಮಾರಾಟದಲ್ಲಿ ಅಂಗಡಿಗೆ 30% ಉಳಿಯುತ್ತದೆ ಎಂದುಕೊಳ್ಳಿ. ಮೊದಲ ಬದಿಯಲ್ಲಿ ₹67,200 ಉಳಿದು, ಜಾಹೀರಾತಿನ ಖರ್ಚು ಕಳೆದರೆ ಕೈಗೆ ₹11,200. ಎರಡನೆಯದರಲ್ಲಿ ₹62,400 ಉಳಿದು, ಕೈಗೆ ₹22,400. ವ್ಯತ್ಯಾಸ ಹುಟ್ಟಿದ್ದು ಮೊದಲ ಬದಿ ಹೆಚ್ಚಾಗಿ ಸುರಿದ ₹16,000ದಲ್ಲಿ. ಅದರಿಂದ ಬಂದ ಹೆಚ್ಚುವರಿ ಮಾರಾಟ ₹16,000, ಅದರಲ್ಲಿ ಉಳಿದದ್ದು ₹4,800 ಮಾತ್ರ. ಮೊದಲ ಬದಿಯ ಸರಾಸರಿ 400%. 30% ಉಳಿಕೆಯ ಅಂಗಡಿಗೆ ಸುಮಾರು 333% ಬಂದರೂ ಅಸಲು ಹುಟ್ಟುತ್ತದೆ. ಹಾಗಾಗಿ ಸರಾಸರಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೊನೆಗೆ ಹಾಕಿದ ರೂಪಾಯಿ ಏನು ತಂದಿತು ಎಂದು ಕೇಳಿದಾಗಲೇ ನಷ್ಟ ಬಯಲಾಗುವುದು.

ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಎರಡನೇ ಬದಿಯಲ್ಲಿ ತಲಾ ₹18,000ದ ಎರಡು ಮದುವೆ ಆರ್ಡರ್ ಬಿದ್ದಿದ್ದವು, ಮೊದಲನೆಯದರಲ್ಲಿ ಅಂಥದ್ದು ಇರಲಿಲ್ಲ ಎನ್ನಿ. ಅವೆರಡನ್ನು ತೆಗೆದರೆ ಎರಡನೆಯದರ ಲಾಭ ₹11,600ಕ್ಕೆ ಇಳಿದು, ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ. ಆರ್ಡರ್‌ಗಳ ಸಂಖ್ಯೆಗಿಂತ ಮೊತ್ತ ಹೀಗೆ ಹೆಚ್ಚು ಏರುಪೇರಾಗುತ್ತದೆ. ದೊಡ್ಡ ಆರ್ಡರ್‌ಗಳನ್ನು ತೆಗೆದಾಗ ಮುನ್ನಡೆ ಕರಗಿದರೆ ಇನ್ನೂ ಕೆಲವು ವಾರ ಓಡಿಸಬೇಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ವಾಪಸ್ ಬಂದ ಮಾಲನ್ನು ಎರಡೂ ಕಡೆ ಕಳೆಯುವುದನ್ನೂ ಮರೆಯಬಾರದು.

ಎಲ್ಲ ಮಾಲೂ ಹೆಚ್ಚುಕಡಿಮೆ ಒಂದೇ ಬೆಲೆಯದಾದರೆ ಆರ್ಡರ್ ಎಣಿಸುವುದೂ ಹಣ ಎಣಿಸುವುದೂ ಬಹುತೇಕ ಒಂದೇ. ಹೊಸದಾಗಿ ಶುರುಮಾಡಿದ, ತಿಂಗಳಿಗೆ ಬೆರಳೆಣಿಕೆಯ ಆರ್ಡರ್ ಬರುವ ಅಂಗಡಿಯಲ್ಲಿ Target ROASಗೆ ಕಲಿಯಲು ಸಾಮಗ್ರಿಯೇ ಸಾಲದು; ಅಲ್ಲಿ Maximize conversions ಸಾಕು. ಬೆಲೆಗಳಲ್ಲಿ ಅಜಗಜಾಂತರ ಇರುವಲ್ಲಿ ಮಾತ್ರ ಈ ಪರೀಕ್ಷೆಗೆ ಅರ್ಥ. ಅಲ್ಲಿಯೂ ಗೆಲುವನ್ನು ಯಾವುದರಲ್ಲಿ ಅಳೆಯುತ್ತೇವೆ, ಎಷ್ಟು ವಾರ ಓಡಿಸುತ್ತೇವೆ ಎಂಬುದನ್ನು ಮೊದಲೇ ಬರೆದಿಡಬೇಕು. ಅಂಕಿಗಳು ಬಂದ ಮೇಲೆ ಅಳತೆಗೋಲು ಹುಡುಕಿದರೆ ಇಷ್ಟಪಟ್ಟ ಬದಿಯೇ ಗೆದ್ದಂತೆ ಕಾಣುತ್ತದೆ.