ಏಳು ಕ್ವಿಂಟಲಿನ ದರ, ಹತ್ತು ಕ್ವಿಂಟಲಿನ ಲೆಕ್ಕ

ರಾಣೆಬೆನ್ನೂರಿನ ಕಾಲೇಜಿನಲ್ಲಿ ಎಂಬಿಎ ಓದುವ ಒಬ್ಬ ಹುಡುಗಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಇಂಟರ್ನ್‌ಶಿಪ್ ಮುಗಿಸಿ ಬಂದಿದ್ದಾಳೆ ಎಂದುಕೊಳ್ಳೋಣ. ವರದಿ ಬರೆದಾಗಿದೆ, ಸ್ಲೈಡ್‌ಗಳು ಸಿದ್ಧ. ಕೊನೆಯ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಹಸನು ಮಾಡಿ ಮಾರಿದ್ದರಿಂದ ರೈತರಿಗೆ ಶೇ. 20 ಹೆಚ್ಚು ದರ.’ ಎದುರಿಗೆ ಕೂತ ಪರೀಕ್ಷಕರು ಈ ಸಾಲಿನ ಬಗ್ಗೆ ಏನು ಕೇಳಬೇಕು? ಆಕೆ ಯಾವುದಕ್ಕೆ ತಯಾರಾಗಿರಬೇಕು? ಈ ಅಧ್ಯಾಯದಲ್ಲಿ ಆ ಒಂದು ಸಾಲನ್ನೇ ಬಿಡಿಸಿ ನೋಡೋಣ.

ಮೊದಲು ಆಕೆ ಮಾಡಿದ ಕೆಲಸ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟಿನ ದಿನ. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಹೆಚ್ಚು ಚೀಲ ಬರುವುದುಂಟು. ರೈತರ ಚೀಲಗಳು ದಲಾಲಿ ಅಂಗಡಿಯ ಮುಂದೆ ಇಳಿಯುತ್ತವೆ, ಒಬ್ಬೊಬ್ಬರ ಮಾಲಿಗೂ ಲಾಟ್ ಸಂಖ್ಯೆ ಬೀಳುತ್ತದೆ. ಖರೀದಿದಾರರು ಬಂದು ಚೀಲಕ್ಕೆ ಕೈ ಹಾಕಿ ಬಣ್ಣ, ಸುಕ್ಕು, ತೇವ, ಬಿಳಿಗಾಯಿ ಎಷ್ಟಿದೆ ಎಂದು ನೋಡಿ, ತಮ್ಮ ದರವನ್ನು ಇ-ಟೆಂಡರಿನಲ್ಲಿ ಗುಟ್ಟಾಗಿ ನಮೂದಿಸುತ್ತಾರೆ. ಹೆಚ್ಚು ದರ ಹಾಕಿದವರಿಗೆ ಲಾಟ್. ಆಮೇಲೆ ತೂಕ, ಲೆಕ್ಕಪಟ್ಟಿ. ನಮ್ಮ ಹುಡುಗಿ ಲಾಟ್ ವಿವರ ಬರೆದಿದ್ದಾಳೆ, ತೂಕದ ಚೀಟಿ ಹೊಂದಿಸಿದ್ದಾಳೆ. ಕೆಲವು ರೈತರ ಮಾಲನ್ನು ಆರಿಸಿ ಮೂರು ದರ್ಜೆ ಮಾಡಿಸಿ, ಬೇರೆ ಬೇರೆ ಲಾಟ್ ಆಗಿ ಟೆಂಡರಿಗೆ ಇಡಿಸಿದ್ದಾಳೆ. ಈ ಕೊನೆಯದು ಆಕೆಯದೇ ಯೋಜನೆ. ಪ್ರಶ್ನೆಗಳು ಬರುವುದೂ ಇಲ್ಲಿಂದಲೇ.

“ಈ ಶೇ. 20 ಯಾವ ಮಾಲಿನದು? ಉಳಿದದ್ದು ಎಲ್ಲಿ ಹೋತವ್ವಾ?”

ಇದು ಮೊದಲ ಪ್ರಶ್ನೆ. ಲೆಕ್ಕ ಸುಲಭವಾಗಲೆಂದು ಗುಂಡು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಯಾವ ದಿನದ ಮಾರುಕಟ್ಟೆ ದರವೂ ಅಲ್ಲ. ರೈತರೊಬ್ಬರ 10 ಕ್ವಿಂಟಲ್ ಕಾಯಿ ಹಾಗೇ ಮಾರಿದ್ದರೆ ಕ್ವಿಂಟಲಿಗೆ 20,000 ರೂಪಾಯಿ, ಒಟ್ಟು 2,00,000. ಆರಿಸಿದ ಮೇಲೆ 7 ಕ್ವಿಂಟಲ್ ಒಳ್ಳೆಯ ಕಾಯಿಗೆ 24,000 ದರ ಸಿಕ್ಕಿತು. ಶೇ. 20 ಹೆಚ್ಚು ಎಂಬುದು ಇಲ್ಲಿಗೆ ನಿಜ. ಆದರೆ 2 ಕ್ವಿಂಟಲ್ ಮಧ್ಯಮ ಮಾಲು 15,000ಕ್ಕೆ ಹೋಯಿತು, 1 ಕ್ವಿಂಟಲ್ ಬಿಳಿಗಾಯಿ 6,000ಕ್ಕೆ. ಮೂರನ್ನೂ ಕೂಡಿದರೆ 1,68,000, 30,000, 6,000, ಒಟ್ಟು 2,04,000. ಹತ್ತು ಕ್ವಿಂಟಲಿನ ಮೇಲೆ ಸಿಕ್ಕ ಹೆಚ್ಚಳ 4,000 ರೂಪಾಯಿ, ಅಂದರೆ ಶೇ. 2. ಆರಿಸಿದ ಹೆಣ್ಣುಮಕ್ಕಳ ಕೂಲಿ ಕ್ವಿಂಟಲಿಗೆ 300ರಂತೆ 3,000 ಕಳೆದರೆ ರೈತರ ಕೈಗೆ ಉಳಿದದ್ದು 1,000.

ಹುಡುಗಿ ಸುಳ್ಳು ಹೇಳಿಲ್ಲ. ದರವನ್ನು ಅಳೆದಳು, ಆದಾಯವನ್ನು ಅಳೆಯಲಿಲ್ಲ. ಇಂಟರ್ನ್‌ಶಿಪ್ ವರದಿಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ತುಂಡು ಮಾಲಿನ ಅಂಕಿ ಇಡೀ ಮಾಲಿನ ಫಲಿತಾಂಶವಾಗಿ ಸ್ಲೈಡಿಗೆ ಏರಿಬಿಡುತ್ತದೆ. ಪತ್ತೆ ಹಚ್ಚುವುದು ಸುಲಭ: ಶೇಕಡಾವಾರು ಕಂಡ ಕೂಡಲೇ ‘ಯಾವುದರ ಮೇಲೆ?’ ಎಂದು ಕೇಳಿ, ಒಟ್ಟು ತೂಕಕ್ಕೆ ಲೆಕ್ಕ ಕೂಡುತ್ತದೆಯೇ ನೋಡಬೇಕು.

ಎರಡನೆಯ ಪ್ರಶ್ನೆ ಹೋಲಿಕೆಯದು. “ಹಸನು ಮಾಡಿದ ಲಾಟ್‌ಗಳನ್ನು ಯಾವ ಲಾಟ್‌ಗಳ ಜೊತೆ ಹೋಲಿಸಿದಿರಿ?” ಸೋಮವಾರದ ದರವನ್ನು ಗುರುವಾರದ ದರಕ್ಕೆ ಹೋಲಿಸಿದ್ದರೆ, ನಡುವೆ ಮಾರುಕಟ್ಟೆಯೇ ಏರಿರಬಹುದು. ಡಬ್ಬಿ ಕಾಯಿಯನ್ನು ಕಡ್ಡಿ ಕಾಯಿಗೆ ಹೋಲಿಸುವಂತಿಲ್ಲ. ಬ್ಯಾಡಗಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ತಳಿಗಳೂ ಬರುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೂ ಅವುಗಳಿಗೂ ಬಣ್ಣದಲ್ಲಿ, ಖಾರದಲ್ಲಿ ವ್ಯತ್ಯಾಸವಿದೆ. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದಿಲ್ಲ. ಆರಿಸಲು ಒಪ್ಪಿದ ರೈತರು ಯಾರು? ಮೊದಲೇ ಒಳ್ಳೆಯ ಕಾಯಿ ಬೆಳೆದವರೇ ಮುಂದೆ ಬಂದಿದ್ದರೆ, ಸಿಕ್ಕ ದರ ಅವರ ಹೊಲದ್ದೋ, ಹಸನು ಮಾಡಿದ್ದರದ್ದೋ ಹೇಳಲು ಬಾರದು. ಒಬ್ಬರೇ ರೈತರ ಮಾಲಿನಲ್ಲಿ ಅರ್ಧ ಆರಿಸಿ, ಅರ್ಧ ಹಾಗೇ ಬಿಟ್ಟು, ಎರಡನ್ನೂ ಒಂದೇ ದಿನ ಟೆಂಡರಿಗೆ ಇಡುವುದೇ ಇದಕ್ಕೆ ಸರಿಯಾದ ದಾರಿ. ಒಂದು ಅಂಗಡಿಯಲ್ಲಿ, ಆರು ವಾರದಲ್ಲಿ ಮಾಡಬಹುದಾದ ಕೆಲಸವೇ ಇದು.

ಇನ್ನು ಸಿದ್ಧಾಂತ. ಎಷ್ಟೋ ವರದಿಗಳಲ್ಲಿ ಎರಡನೆಯ ಅಧ್ಯಾಯಕ್ಕೆ ನಾಲ್ಕು ಚೌಕದ ಸ್ವಾಟ್ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಈ ಕೆಲಸಕ್ಕೆ ನಿಜವಾಗಿ ಒಪ್ಪುವ ಸಿದ್ಧಾಂತ ಬೇರೆಯೇ ಇದೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಉದಾಹರಣೆ ಕೊಟ್ಟು ಒಂದು ಮಾತು ತೋರಿಸಿದರು. ಮಾಲಿನ ಒಳಗುಟ್ಟು ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವರು ಕೆಟ್ಟದ್ದೂ ಇರಬಹುದೆಂದು ಎಣಿಸಿ ದರ ಇಳಿಸುತ್ತಾರೆ, ಒಳ್ಳೆಯ ಮಾಲಿಗೂ ಪೆಟ್ಟು ಬೀಳುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬೆರಕೆ ಚೀಲದ ತಳದಲ್ಲಿ ಏನಿದೆಯೋ ಎಂಬ ಅನುಮಾನದ್ದೂ ಇದೇ ಕಥೆ.

ಆದರೆ ಹೆಸರು ಹೇಳಿದರೆ ಸಾಲದು. ಪರೀಕ್ಷಕರ ಮೂರನೆಯ ಪ್ರಶ್ನೆ ಹೀಗಿರಬೇಕು: “ಈ ಸಿದ್ಧಾಂತ ನಿಜವಾದರೆ ನಿಮ್ಮ ಟೆಂಡರ್ ಪಟ್ಟಿಯಲ್ಲಿ ಏನು ಕಾಣಬೇಕಿತ್ತು? ಕಂಡಿತೇ?” ಉತ್ತರಕ್ಕೆ ಜಾಗವಿದೆ. ಅನುಮಾನ ಇರುವ ಮಾಲಿಗೆ ಒಬ್ಬೊಬ್ಬ ಖರೀದಿದಾರರ ಅಂದಾಜು ಒಂದೊಂದು ದಿಕ್ಕಿಗೆ ಹೋಗುತ್ತದೆ, ಆದ್ದರಿಂದ ಬೆರಕೆ ಲಾಟಿಗೆ ಬಂದ ಟೆಂಡರುಗಳು 17,000ದಿಂದ 20,000ದವರೆಗೆ ಚದುರಿರಬೇಕು. ಹಸನಾದ ಲಾಟಿನವು 23,400, 23,700, 24,000 ಎಂದು ಒತ್ತೊತ್ತಾಗಿರಬೇಕು. ಸೋತ ಟೆಂಡರುಗಳ ದರ ನೋಡಲು ಆಕೆಗೆ ಅವಕಾಶ ಇರಲಿಲ್ಲವಾದರೆ, ಒಂದೇ ದಿನ ಒಂದೇ ದರ್ಜೆಯ ಬೇರೆ ಬೇರೆ ಲಾಟ್‌ಗಳು ಗೆದ್ದ ದರಗಳ ಅಂತರವನ್ನಾದರೂ ನೋಡಬಹುದು. ಒಂದು ವೇಳೆ ಚದುರುವಿಕೆ ಎರಡರಲ್ಲೂ ಒಂದೇ ಇದ್ದರೆ? ಪಳಗಿದ ಖರೀದಿದಾರರು ಕೈ ಹಾಕಿಯೇ ಎಲ್ಲ ತಿಳಿದುಕೊಂಡಿದ್ದಾರೆ, ಗುಟ್ಟೇನೂ ಉಳಿದಿರಲಿಲ್ಲ ಎಂದಾಗುತ್ತದೆ. ಮೇಲಿನ ಲೆಕ್ಕದಲ್ಲಿ ಲಾಭ ಬರೀ ಶೇ. 2 ಆದದ್ದೂ ಅದಕ್ಕೇ ಇರಬಹುದು. ಹಾಗೆ ಒಪ್ಪಿಕೊಂಡ ವಿದ್ಯಾರ್ಥಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿದ್ದು ಬಂದವರಿಗೂ ಇದೇ ಬಗೆಯ ಪ್ರಶ್ನೆ ಬೇಕು. ‘ಮೊಳಕೆ ಪ್ರಮಾಣ 88ರಿಂದ 91ಕ್ಕೆ ಏರಿತು’ ಎಂದರೆ, ಎಷ್ಟು ಬೀಜ ಎಣಿಸಿದಿರಿ ಎಂದು ಕೇಳಬೇಕು. ನೂರೇ ಬೀಜವಾದರೆ ಆರು ಅಂಕಿ ಆಚೀಚೆ ಬರುವುದು ಬರೀ ಆಕಸ್ಮಿಕದಿಂದಲೇ ಸಾಧ್ಯ. ಪದ್ಧತಿಯಂತೆ ನೂರರ ನಾಲ್ಕು ಸರದಿ, ಒಟ್ಟು 400 ಬೀಜ ಇಟ್ಟರೂ ಮೂರು ಅಂಕಿ ಆಚೀಚೆ ಆದೀತು. ಹಾವೇರಿಯ ಬ್ಯಾಂಕ್ ಶಾಖೆಯಲ್ಲಿ ಬೆಳೆ ಸಾಲದ ಅರ್ಜಿ ನೋಡಿ ಬಂದವರು ‘ಮಂಜೂರಾತಿ ಬೇಗ ಆಯಿತು’ ಎಂದರೆ, ದಿನ ಎಣಿಸಲು ಶುರು ಮಾಡಿದ್ದು ಅರ್ಜಿ ಕೊಟ್ಟ ದಿನದಿಂದಲೋ, ಪಹಣಿ ಪೂರ್ತಿ ಸೇರಿದ ದಿನದಿಂದಲೋ ಎಂಬುದು ಗೊತ್ತಾಗಬೇಕು.

ಮತ್ತೆ ಬ್ಯಾಡಗಿಗೆ. ಕೊನೆಯ ಪ್ರಶ್ನೆ: “ಯಾವಾಗ ನಿಮ್ಮ ಸಲಹೆ ರೈತರಿಗೆ ನಷ್ಟ ಮಾಡುತ್ತದೆ?” ಕೂಲಿ ಸೇರಿಸಿ 2,03,000 ಬಂದರೆ ಸರಿಸಮ. ಬೇರೆ ದರಗಳು ಹಾಗೇ ಇದ್ದು ಒಳ್ಳೆಯ ಕಾಯಿಯ ದರ ಸುಮಾರು 23,860ಕ್ಕಿಂತ ಕೆಳಗಿಳಿದರೆ ಹಸನು ಮಾಡಿದ್ದೇ ನಷ್ಟ. ತೂಕವೂ ಇದೆ. ಆರಿಸಲು ಕಾಯಿ ಹರವಿದಾಗ ತೇವ ಆರುತ್ತದೆ. 10 ಕ್ವಿಂಟಲಿನಲ್ಲಿ ಶೇ. 1 ಕಡಿಮೆಯಾದರೆ 10 ಕಿಲೋ ಹೋಯಿತು, 20,000ದ ದರದಲ್ಲಿ ಅದು 2,000 ರೂಪಾಯಿ. ಉಳಿದಿದ್ದ 1,000 ಕರಗಿ, ರೈತರು 1,000 ಕಳೆದುಕೊಂಡಿರುತ್ತಾರೆ. ಆರಿಸುವ ಮೊದಲು ಒಮ್ಮೆ, ಆರಿಸಿದ ಮೇಲೆ ಒಮ್ಮೆ ತೂಗಿದ ಎರಡು ಚೀಟಿಗಳು ಆಕೆಯ ಫೈಲಿನಲ್ಲಿ ಇದ್ದರೆ, ಸ್ಲೈಡಿನ ಆ ಸಾಲನ್ನು ಅಲ್ಲೇ ಪೆನ್ನು ಹಿಡಿದು ತಿದ್ದಬಹುದು.